ಎರಡು ಗೆರೆ, ಎರಡು ಮದುವೆ

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಹೋದ ವಾರ ನನ್ನ ತಂಗಿ ಮಗಳು ನವನಗರದ ನಮ್ಮ ಮನಿಗೆ ಬಂದಿದ್ಲು. ಬಿ.ಎ. ಓದತಾಳ. ಕೈಯಾಗ ಮಾನವಶಾಸ್ತ್ರದ ನೋಟ್ಸ್ ಇತ್ತು, ಮರುದಿನ ಟೆಸ್ಟ್. "ಮಾವ, ಇದೊಂದು ತಿಳೀವಲ್ದು ನೋಡು" ಅಂತ ಪುಸ್ತಕ ಮುಂದಿಟ್ಟಳು. ಅದರಲ್ಲಿ ಎರಡು ಪದ. ಅಂತರ್ವಿವಾಹ, ಬಹಿರ್ವಿವಾಹ. ಆಕಿ ಅಂತರ್ವಿವಾಹಕ್ಕೆ ಉದಾಹರಣೆ ಅಂತ 'ಜಾತಿ ಬಿಟ್ಟು ಜಾತಿ ಮದುವೆಯಾಗುವುದು' ಅಂತ ಬರೆದಿದ್ಲು. ಮೇಷ್ಟ್ರು ಕೆಂಪು ಪೆನ್ನಿನಿಂದ ಗೀಟು ಹಾಕಿದ್ರು.

ತಪ್ಪು ಆಕೀದಲ್ಲ. ನಾವು ದಿನಾ ಪೇಪರಿನಾಗ 'ಅಂತರ್ಜಾತಿ ವಿವಾಹ' ಅಂತ ಓದತೀವಿ. ಅಲ್ಲಿ 'ಅಂತರ್' ಅಂದ್ರೆ ಎರಡರ ನಡುವೆ. ಪಾಠದ 'ಅಂತರ್ವಿವಾಹ'ದಲ್ಲಿ ಅದೇ 'ಅಂತರ್' ಅಂದ್ರೆ ಒಳಗೆ. ಅಂದ್ರೆ ತನ್ನ ಗುಂಪಿನ ಒಳಗೇ ಮದುವೆಯಾಗಬೇಕು ಅನ್ನೋ ನಿಯಮ. ಒಂದೇ ಪದ, ಎರಡು ವಿರುದ್ಧ ಅರ್ಥ. ಬಹಿರ್ವಿವಾಹ ಅಂದ್ರೆ ತನ್ನದೇ ಒಂದು ಸಣ್ಣ ಗುಂಪಿನ ಹೊರಗೆ ಮದುವೆಯಾಗಬೇಕು ಅನ್ನೋ ನಿಯಮ.

"ಹಂಗಾದ್ರ ನಮಗ ಯಾವ ನಿಯಮ ಮಾವ? ಒಳಗಿಂದೋ ಹೊರಗಿಂದೋ?" ಅಂದಳು.

"ಎರಡೂ" ಅಂದೆ. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಎರಡು ಗೆರೆಯ ನಡುವೆ ಆಕಿ ಹುಟ್ಟಿದ್ದು ಹೆಂಗ ಅಂತ ನನಗೆ ಗೊತ್ತು. ಅವತ್ತು ಹೇಳಲಾಗದ್ದನ್ನ ಇಲ್ಲಿ ಬರೀತೀನಿ.

ಮೊದಲು ಒಳಗಿನ ಗೆರೆ. ನಮ್ಮ ಕಡೆ ಹೆಣ್ಣು ನೋಡಾಕ ಹೋದಾಗ ಹಿರಿಯರು ಕೇಳೋ ಮೊದಲ ಮಾತು 'ಬೆಡಗು ಯಾವುದ್ರಿ?' ಬೆಡಗು ಅಪ್ಪನಿಂದ ಮಕ್ಕಳಿಗೆ ಬರತದ. ಹುಡುಗ ಹುಡುಗಿ ಇಬ್ಬರದೂ ಒಂದೇ ಬೆಡಗು ಆದ್ರೆ ಮಾತು ಅಲ್ಲಿಗೆ ಮುಗೀತು. ಅವರ ಊರು ಬೇರೆ ಇರಲಿ, ಹಿಂದೆಂದೂ ಒಬ್ಬರನ್ನೊಬ್ಬರು ಕಂಡಿರದಿರಲಿ, ಅವರು ಅಣ್ಣ ತಂಗಿ. ಬ್ರಾಹ್ಮಣರಲ್ಲಿ ಇದೇ ಕೆಲಸವನ್ನ ಗೋತ್ರ ಮಾಡತದ.

ಆದರೆ ಬೆಡಗು ಒಂದೇ ಸಾಲದು. ನನ್ನ ಅವ್ವನ ತಂಗಿ, ಅಂದ್ರೆ ಚಿಗವ್ವನ ಮಗಳನ್ನ ತಗೋರಿ. ಆಕಿ ಬೆಡಗು ಆಕಿ ಅಪ್ಪನದು, ನನ್ನ ಬೆಡಗು ನನ್ನ ಅಪ್ಪನದು. ಎರಡೂ ಬೇರೆ. ಆದರೂ ಆಕಿ ನನಗೆ ತಂಗಿ. ಅದೇ ಅವ್ವನ ತಮ್ಮನ ಮಗಳು ಆಗಿದ್ರೆ? ರಕ್ತದ ದೂರ ಅಷ್ಟೇ. ಆದರೆ ಆಕಿ ಮದುವೆಗೆ ಮೊದಲ ಹಕ್ಕಿನ ಹುಡುಗಿ. ಈ ಲೆಕ್ಕಕ್ಕ ನಮ್ಮಲ್ಲಿ ವಾವಿ ಅಂತಾರ. ಅಪ್ಪನ ಅಣ್ಣತಮ್ಮಂದಿರ ಮಕ್ಕಳು, ಅವ್ವನ ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರ ವಾವಿ. ಅಪ್ಪನ ಅಕ್ಕತಂಗಿಯರ ಮಕ್ಕಳು, ಅವ್ವನ ಅಣ್ಣತಮ್ಮಂದಿರ ಮಕ್ಕಳು ಕೊಟ್ಟು ತರೋ ವಾವಿ.

ಈ ನಿಯಮ ಯಾರೂ ಬರೆದಿಟ್ಟಿಲ್ಲ. ನಾವು ಕರೆಯೋ ಪದಗಳ ಒಳಗೇ ಅದು ಕುಂತದ. ಅಪ್ಪನ ತಂಗಿಗೆ ಅತ್ತಿ ಅಂತೀವಿ, ಹೆಂಡತಿಯ ತಾಯಿಗೂ ಅತ್ತಿ ಅಂತೀವಿ. ಅವ್ವನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ತಂಗಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಚಿಗವ್ವ, ದೊಡ್ಡವ್ವ ಅನ್ನೋ ಪದದೊಳಗೆ 'ಅವ್ವ' ಇದ್ದಾಳ, ಹಂಗಾಗಿ ಆಕಿ ಮಗಳು ತಂಗಿ ಆಗಲೇಬೇಕು. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಲೋಕದ ಸಂಬಂಧಸೂಚಕ ಪದಗಳನ್ನೆಲ್ಲ ಕೂಡಿಸಿ ದೊಡ್ಡ ಪುಸ್ತಕ ತಂದಾಗ ತಮಿಳು, ತೆಲುಗಿನ ಜೊತೆ ಕನ್ನಡದ ಪದಗಳನ್ನೂ ಪಟ್ಟಿ ಮಾಡಿದ್ದ. 1953ರಲ್ಲಿ ಫ್ರಾನ್ಸಿನ ಲೂಯಿ ಡ್ಯೂಮೊ, ದಕ್ಷಿಣದ ಈ ಪದಗಳು ಬರೇ ರಕ್ತಸಂಬಂಧದ ಹೆಸರಲ್ಲ, ಮದುವೆಯ ನಿಯಮವನ್ನೇ ಹೇಳ್ತಾವ ಅಂತ ತೋರಿಸಿದ. ಅದನ್ನ ನಮ್ಮ ಅಜ್ಜಿಯಂದಿರು ತೊಟ್ಟಿಲ ತೂಗುವಾಗಲೇ ಹೇಳಿರ್ತಿದ್ರು.

ಇನ್ನ ನಮ್ಮ ಮನಿ ಲೆಕ್ಕ ನೋಡ್ರಿ. ನನ್ನ ತಂಗಿಯನ್ನ ಕೊಟ್ಟಿದ್ದು ನನ್ನ ಅವ್ವನ ಕಿರಿ ತಮ್ಮನಿಗೆ. ಅಂದ್ರೆ ಸ್ವಂತ ಸೋದರಮಾವಗ. ಅಕ್ಕನ ಮಗಳನ್ನ ತಮ್ಮ ಮಾಡ್ಕೊಳ್ಳೋದು ನಮ್ಮಲ್ಲಿ ನಡೀತದ. ತಂಗಿಯ ಮಗಳನ್ನ ಅಣ್ಣ ಮಾಡ್ಕೊಳ್ಳೋ ಹಂಗಿಲ್ಲ, ಆಕಿ ಮಗಳ ಸಮಾನ. ಈಗ ನನ್ನ ಸೊಸಿ, ಅಂದ್ರೆ ನೋಟ್ಸ್ ಹಿಡ್ಕೊಂಡು ಬಂದ ಹುಡುಗಿ, ನನಗೆ ತಂಗಿ ಮಗಳೂ ಹೌದು, ಸೋದರಮಾವನ ಮಗಳೂ ಹೌದು. ನನ್ನ ಅವ್ವ ಆಕಿಗೆ ತಾಯಿಯ ತಾಯಿ, ಜೊತೆಗೆ ಅಪ್ಪನ ಅಕ್ಕ. ಅಜ್ಜಿನೂ ಆಕೀನ, ಸೋದರತ್ತಿನೂ ಆಕೀನ. ಬೆಡಗಿನ ನಿಯಮ ಎಲ್ಲೂ ಮುರಿದಿಲ್ಲ. ನನ್ನ ತಂಗಿ ನಮ್ಮಪ್ಪನ ಬೆಡಗಿನಿಂದ ಅವ್ವನ ತವರ ಬೆಡಗಿಗೆ ಹೋದಳು. ಲೆಕ್ಕ ಚೊಕ್ಕ. ರಕ್ತ ಎಷ್ಟು ಹತ್ತಿರ ಅಂತ ಯಾರೂ ಕೇಳಲಿಲ್ಲ.

ಇನ್ನು ಹೊರಗಿನ ಗೆರೆ. ಅದು ಜಾತಿ. ಬೆಡಗು ದಾಟಿ ಮದುವೆಯಾಗಬೇಕು, ಆದರೆ ಜಾತಿ ದಾಟಬಾರದು. ಒಳಗೊಂದು ಸಣ್ಣ ವರ್ತುಲ, ಹೊರಗೊಂದು ದೊಡ್ಡ ವರ್ತುಲ. ಸಣ್ಣದರ ಹೊರಗೆ, ದೊಡ್ಡದರ ಒಳಗೆ. ಆ ನಡುವಿನ ಪಟ್ಟಿಯಲ್ಲೇ ಗಂಡು ಹೆಣ್ಣು ಹುಡುಕಬೇಕು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಎರಡು ಗೆರೆಗಳಲ್ಲಿ ಯಾವುದು ಬಾಗತದ, ಯಾವುದು ಬಾಗೂದಿಲ್ಲ ಅಂತ ಪಾಠ ಹೇಳೂದಿಲ್ಲ. ಅದನ್ನ ಹೇಳೋಕೆ ಕಲ್ಯಾಣಕ್ಕ ಹೋಗಬೇಕು.

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಇಸವಿ 1100ರ ಆಸುಪಾಸಿನಲ್ಲಿ, ವಿಜ್ಞಾನೇಶ್ವರ ಅನ್ನೋ ಪಂಡಿತ ಇದ್ದ. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಅನ್ನೋ ವ್ಯಾಖ್ಯಾನ ಬರೆದ. ಮುಂದೆ ಬ್ರಿಟಿಷರ ಕೋರ್ಟುಗಳು ದೇಶದ ಬಹುಭಾಗಕ್ಕೆ ಹಿಂದೂ ಕಾನೂನು ಅಂತ ಹಿಡಿದಿದ್ದು ಈ ಪುಸ್ತಕವನ್ನೇ. ಸಪಿಂಡ ಅಂದ್ರೆ ಯಾರು ಅನ್ನೋದನ್ನ ಆತ ದೇಹದ ಅಂಶದಿಂದ ವಿವರಿಸಿದ. ಒಂದೇ ಶರೀರದ ಅಂಶಗಳನ್ನ ಹಂಚಿಕೊಂಡವರು ಸಪಿಂಡರು, ಅವರಲ್ಲಿ ಮದುವೆ ಕೂಡದು. ತಾಯಿಯ ಕಡೆ ಐದು ತಲೆಮಾರು, ತಂದೆಯ ಕಡೆ ಏಳು ತಲೆಮಾರು ದಾಟಬೇಕು. ಈ ಲೆಕ್ಕ ಹಿಡಿದ್ರೆ ಸೋದರಮಾವನ ಮಗಳ ಮದುವೆ ಆಗೋದೇ ಇಲ್ಲ, ಮೂರನೇ ತಲೆಮಾರಿಗೇ ಸಿಕ್ಕಿಬೀಳತದ.

ಆ ಪುಸ್ತಕ ಬಂದು ಕೆಲವು ದಶಕಗಳಾದ ಮೇಲೆ ಅದೇ ಕಲ್ಯಾಣದಲ್ಲಿ ಎರಡು ಮದುವೆಗಳ ಮಾತು ಬರತದ. ಇವನ್ನ ಹೇಳೋದು ಶರಣ ಪರಂಪರೆಯ ಪುರಾಣಗಳು, ಜನರ ನೆನಪು. ಹಂಗಂತಲೇ ಓದ್ರಿ.

ಮೊದಲನೇದು ಬಸವಣ್ಣನವರದು. ಬಾಗೇವಾಡಿಯ ಬ್ರಾಹ್ಮಣ ಮನೆಯ ಹುಡುಗ, ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದವರು. ಬಿಜ್ಜಳನ ಹತ್ತಿರ ದೊಡ್ಡ ಅಧಿಕಾರದಲ್ಲಿದ್ದ ಬಲದೇವ ಅವರಿಗೆ ಸೋದರಮಾವ. ಆತ ತನ್ನ ಮಗಳು ಗಂಗಾಂಬಿಕೆಯನ್ನ ಬಸವಣ್ಣನವರಿಗೆ ಕೊಟ್ಟ. ಮಿತಾಕ್ಷರದ ಅಕ್ಷರ ಹಿಡಿದು ನೋಡಿದರೆ ಈ ಮದುವೆಗೆ ಸಪಿಂಡದ ದೋಷ ಐತಿ. ಆದರೆ ಯಾರೂ ತಕರಾರು ಮಾಡಲಿಲ್ಲ. ಯಾಕಂದ್ರೆ ಮಾವನ ಮಗಳನ್ನ ಮದುವೆಯಾಗೋದು ದಕ್ಷಿಣದವರ ರೂಢಿ ಅಂತ ಬೌಧಾಯನ ಧರ್ಮಸೂತ್ರದ ಕಾಲಕ್ಕೇ ದಾಖಲಾಗಿತ್ತು. ಶಾಸ್ತ್ರ ಬೇಡ ಅಂದರೂ ರೂಢಿ ಹೂಂ ಅಂತು, ಬ್ರಾಹ್ಮಣರೇ ಅದನ್ನ ಪಾಲಿಸಿದರು. ಒಳಗಿನ ಗೆರೆ ಬಾಗಿತು.

ಎರಡನೇ ಮದುವೆ 1167ರ ಆಸುಪಾಸಿನದು ಅಂತಾರ. ಸಮಗಾರ ಹರಳಯ್ಯನವರ ಮಗ ಶೀಲವಂತ, ಬ್ರಾಹ್ಮಣ ಮಂತ್ರಿಯಾಗಿದ್ದ ಮಧುವರಸರ ಮಗಳು ಲಾವಣ್ಯ. ಈ ಮದುವೆಯನ್ನ ಒಳಗಿನ ಗೆರೆಗೆ ಹಚ್ಚಿ ನೋಡ್ರಿ. ಸಗೋತ್ರ ಅಲ್ಲ. ಸಪಿಂಡ ಅಲ್ಲ. ತಾಯಿಯ ಕಡೆಯಿಂದ ಐದಲ್ಲ ಐವತ್ತು ತಲೆಮಾರು ಎಣಿಸಿದ್ರೂ ಸಂಬಂಧ ಸಿಗೂದಿಲ್ಲ. ರಕ್ತದ ದೃಷ್ಟಿಯಿಂದ ಇದಕ್ಕಿಂತ ಶುದ್ಧವಾದ ಮದುವೆ ಆಗಾಕ ಸಾಧ್ಯ ಇಲ್ಲ. ಅದಕ್ಕೆ ಸಿಕ್ಕ ಫಲ? ಇಬ್ಬರೂ ಬೀಗರಿಗೆ ಎಳೆಹೂಟೆ ಶಿಕ್ಷೆ. ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರು ಅಂತ ಪರಂಪರೆ ಹೇಳತದ. ಆಮೇಲೆ ಕಲ್ಯಾಣವೇ ಹೊತ್ತಿ ಉರೀತು.

ಇಲ್ಲಿ ಒಂದು ಮಾತು ಗಮನಿಸ್ರಿ. ಶರಣರ ಲೆಕ್ಕದಲ್ಲಿ ಇದು ಜಾತಿ ದಾಟಿದ ಮದುವೆಯೇ ಅಲ್ಲ. ಲಿಂಗ ಕಟ್ಟಿಸಿಕೊಂಡ ಮೇಲೆ ಹರಳಯ್ಯನೂ ಸಮಗಾರ ಅಲ್ಲ, ಮಧುವರಸನೂ ಬ್ರಾಹ್ಮಣ ಅಲ್ಲ. ಇಬ್ಬರೂ ಶರಣರು. ಒಂದೇ ಗುಂಪಿನವರು ಕೊಟ್ಟು ತಂದರು, ಅಷ್ಟೇ. ಆಸ್ಥಾನದ ಲೆಕ್ಕ ಬೇರೆ ಇತ್ತು. ಗುಂಪಿಗೆ ಸೇರೋದು ಹುಟ್ಟಿನಿಂದ, ದೀಕ್ಷೆಯಿಂದ ಅಲ್ಲ. ಅಪ್ಪ ಯಾರು ಅನ್ನೋದರ ಮೇಲೆ ಮಗನ ಜಾತಿ ನಿಂತದ. ಹಂಗಾಗಿ ಕಲ್ಯಾಣದ ಜಗಳ 'ಜಾತಿಯೊಳಗೆ ಮದುವೆಯಾಗಬೇಕೋ ಬ್ಯಾಡೋ' ಅನ್ನೋದಷ್ಟೇ ಆಗಿರಲಿಲ್ಲ. ಒಬ್ಬ ಮನುಷ್ಯ ಯಾರವನು ಅನ್ನೋದನ್ನ ವಂಶ ತೀರ್ಮಾನ ಮಾಡತದೋ, ಆತ ಆರಿಸಿಕೊಂಡ ಬದುಕು ತೀರ್ಮಾನ ಮಾಡತದೋ ಅನ್ನೋದಾಗಿತ್ತು. ವಂಶ ಗೆದ್ದಿತು.

ಇದರಲ್ಲಿ ದಿಕ್ಕಿನ ಪ್ರಶ್ನೆಯೂ ಐತಿ. ಧರ್ಮಶಾಸ್ತ್ರದಲ್ಲಿ ಮೇಲಿನ ವರ್ಣದ ಗಂಡು ಕೆಳಗಿನ ವರ್ಣದ ಹೆಣ್ಣನ್ನ ತಂದರೆ ಅದಕ್ಕ ಅನುಲೋಮ ಅಂತ ಹೆಸರು. ಅದನ್ನ ಹೊಗಳದಿದ್ರೂ ತಡ್ಕೊಂತಿದ್ರು. ಮೇಲಿನ ಹೆಣ್ಣು ಕೆಳಗಿನ ಗಂಡಿಗೆ ಹೋದರೆ ಪ್ರತಿಲೋಮ. ಅದನ್ನ ತಡ್ಕೊಳ್ಳಲಿಲ್ಲ. ಕಾರಣ ವಂಶದ ನಿಯಮವೇ. ಮಕ್ಕಳು ಅಪ್ಪನ ಕಡೆಗೆ ಸೇರೋದರಿಂದ, ಪ್ರತಿಲೋಮದಲ್ಲಿ ಮೇಲಿನ ಹೆಣ್ಣಿನ ಮಕ್ಕಳು ಕೆಳಗಿನವರ ಲೆಕ್ಕಕ್ಕ ಬೀಳತಾವ. ಶೂದ್ರ ಗಂಡಿಗೂ ಬ್ರಾಹ್ಮಣ ಹೆಣ್ಣಿಗೂ ಹುಟ್ಟಿದ ಮಗನೇ ಚಾಂಡಾಲ ಅಂತ ಮನುಸ್ಮೃತಿ ಹೇಳತದ. ಅಂದ್ರೆ ಅವರ ಪ್ರಕಾರ ಅಸ್ಪೃಶ್ಯರು ಹುಟ್ಟಿದ್ದೇ ಮದುವೆಯ ಗೆರೆ ದಾಟಿದ ತಪ್ಪಿಗೆ. ನಮ್ಮ ಇಡೀ ಕೇರಿಯೇ ಯಾವಳೋ ಒಬ್ಬ ಹೆಣ್ಣುಮಗಳಿಗೆ ಕೊಟ್ಟ ಶಿಕ್ಷೆ! ಬಾಬಾಸಾಹೇಬರು 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ನಮ್ಮ ಮೂಲವನ್ನ ಬ್ಯಾರೆ ಕಡೆ ಹುಡುಕಿದ್ದು ಸುಮ್ಮನೆ ಅಲ್ಲ.

ಇದು ಹಳೇ ಕಥಿ ಅನ್ನಬ್ಯಾಡ್ರಿ. ನಮ್ಮ ಬಾಗಲಕೋಟಿ ಆಗ ಬಿಜಾಪುರ ಜಿಲ್ಲೆಯೊಳಗಿತ್ತು, ಬಿಜಾಪುರ ಮುಂಬೈ ಪ್ರಾಂತ್ಯದೊಳಗಿತ್ತು. 1912ರಲ್ಲಿ ಮುಂಬೈ ಹೈಕೋರ್ಟು ಬ್ರಾಹ್ಮಣ ಹೆಣ್ಣು ಮತ್ತು ಶೂದ್ರ ಗಂಡಿನ ಮದುವೆ ಸಿಂಧು ಅಲ್ಲ ಅಂತು. 1922ರಲ್ಲಿ ಅದೇ ಕೋರ್ಟು ವೈಶ್ಯ ಗಂಡು ಮತ್ತು ಶೂದ್ರ ಹೆಣ್ಣಿನ ಮದುವೆ ಸಿಂಧು ಅಂತು. ಹರಳಯ್ಯ ತೀರಿ ಏಳುನೂರಾ ನಲವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ ದಿಕ್ಕು ಅದೇ. ಈ ತಡೆ ದೇಶದ ಕಾನೂನಿನಿಂದ ಪೂರ್ತಿ ಹೋಗಿದ್ದು 1949ರ ಹಿಂದೂ ಮದುವೆಗಳ ಸಿಂಧುತ್ವ ಕಾಯ್ದೆಯಿಂದ. ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆ ಬಂತು. ಅದು ಹೊರಗಿನ ಗೆರೆಯನ್ನ ಅಳಿಸಿತು, ಒಳಗಿನ ಗೆರೆಯನ್ನ ಉಳಿಸಿತು. ಸಪಿಂಡವನ್ನ ತಾಯಿ ಕಡೆ ಮೂರು, ತಂದೆ ಕಡೆ ಐದು ತಲೆಮಾರಿಗೆ ಇಳಿಸಿ, ರೂಢಿ ಇದ್ದವರಿಗೆ ಅದರಿಂದಲೂ ವಿನಾಯಿತಿ ಕೊಟ್ಟಿತು. ನಮ್ಮ ಸೋದರಮಾವನ ಮದುವೆಗಳು ಸಿಂಧು ಆಗಿರೋದು ಆ ವಿನಾಯಿತಿಯಿಂದ. ಕಾಗದದ ಮೇಲೆ ಕಾನೂನು ಊರಿನ ತಿರುವುಮುರುವು. ಊರಿನಾಗ ಮಾತ್ರ ಕಲ್ಯಾಣದ ಲೆಕ್ಕವೇ ನಡೀತದ.

ವಂಶದ ನಿಯಮ ಎಷ್ಟು ಅನುಕೂಲಸಿಂಧು ಅನ್ನೋದಕ್ಕ ನಮ್ಮ ಕೇರಿಯದೇ ಒಂದು ಉದಾಹರಣೆ. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನ ದೇವರ ಹೆಸರಿನಾಗ ಮುತ್ತು ಕಟ್ಟಿಸಿ ಬಸವಿ ಬಿಡ್ತಿದ್ರು. ಆಕಿ ಮದುವೆಯಾಗಿ ಹೋಗಂಗಿಲ್ಲ. ತವರಿನಲ್ಲೇ ಇದ್ದು ಮಗನ ಜಾಗ ತುಂಬಬೇಕು. ಆಸ್ತಿಯಲ್ಲಿ ಮಗನ ಪಾಲು, ತಂದೆ ತಾಯಿಯ ಮಣ್ಣಿಗೆ ಮಗನ ಕೆಲಸ. ಆಕಿಗೆ ಹುಟ್ಟಿದ ಮಕ್ಕಳಿಗೆ ಆಕಿ ಅಪ್ಪನ ಮನೆತನದ ಹೆಸರು. 1891ರಲ್ಲಿ ಫಾಸೆಟ್ ಅನ್ನೋ ಇಂಗ್ಲಿಷ್ ಅಧಿಕಾರಿ ಮುಂಬೈನ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬಸವಿಯರ ಬಗ್ಗೆ ಬರೆದಾಗ, ದೇವರಿಗೆ ಬಿಟ್ಟು ಗಂಡಸಿನ ಹಕ್ಕು ಪಡೆಯೋ ಹೆಂಗಸರು ಅಂತಲೇ ತಲೆಬರಹ ಕೊಟ್ಟ. ಓದಿದ್ರೆ ದೊಡ್ಡ ಹಕ್ಕು ಅನಿಸ್ತದ.

ಆದರೆ ಇದನ್ನ ಇನ್ನೊಂದು ಕಡೆಯಿಂದ ನೋಡ್ರಿ. ಆಕಿ ಹತ್ತಿರ ಬರ್ತಿದ್ದವರಲ್ಲಿ ಊರಿನ ಮೇಲ್ಜಾತಿ ಗಂಡಸರೂ ಇರ್ತಿದ್ರು. ಅಪ್ಪನಿಂದ ಮಗನಿಗೆ ಜಾತಿ ಬರತದ ಅನ್ನೋದೇ ನಿಯಮ ಆದ್ರೆ, ಗೌಡನ ಮಗ ಗೌಡನೇ ಆಗಬೇಕಿತ್ತು. ಗೌಡನ ಹೊಲದಾಗ ಪಾಲು ಸಿಗಬೇಕಿತ್ತು. ಇಲ್ಲಿ ಮಾತ್ರ ನಿಯಮ ತಿರುಗಿ, ಮಗು ತಾಯಿಯ ಕಡೆ ಬಿತ್ತು. ಹರಳಯ್ಯನ ಮಗನ ವಿಷಯದಲ್ಲಿ ಅಪ್ಪನ ಕಡೆಯಿಂದ ಎಣಿಸಿದರು, ಬಸವಿಯ ಮಗನ ವಿಷಯದಲ್ಲಿ ಅವ್ವನ ಕಡೆಯಿಂದ ಎಣಿಸಿದರು. ಎರಡೂ ಸಲ ಲಾಭ ಒಬ್ಬರಿಗೇ. ಮೇಲಿನ ಮನೆಯ ಹೆಸರಿಗೂ ಹೊಲಕ್ಕೂ ಕೆಳಗಿನವನು ವಾರಸುದಾರ ಆಗಬಾರದು. ರಾಜ್ಯ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ತಂತು. ಶಾಲೆಯ ಫಾರ್ಮಿನಲ್ಲಿ 'ತಂದೆಯ ಹೆಸರು' ಅನ್ನೋ ಕಾಲಮಿನ ಮುಂದೆ ಪೆನ್ನು ಹಿಡಿದು ಕೂತ ಗೆಳೆಯರನ್ನ ಆಮೇಲೂ ನಾ ಕಂಡೀನಿ.

ಹಂಗಾದ್ರೆ ಹೊರಗಿನ ಗೆರೆಯನ್ನ ಇಷ್ಟು ಬಿಗಿಯಾಗಿ ಕಾಯೋದು ಹೆಂಗ? ಇದಕ್ಕ ಉತ್ತರ ಕೊಟ್ಟವರು 25 ವರ್ಷದ ಒಬ್ಬ ವಿದ್ಯಾರ್ಥಿ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಮರುವರ್ಷ ಅದು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾಯಿತು. ನನ್ನ ಸೊಸಿ ಪಾಠದ ಎರಡು ಪದಗಳೇ ಆ ಪ್ರಬಂಧದ ಬೆನ್ನೆಲುಬು. ಭಾರತದಲ್ಲಿ ಹಳೇದು, ಸಹಜವಾದದ್ದು ಬಹಿರ್ವಿವಾಹ. ಗೋತ್ರ, ಕುಲ ದಾಟಿಯೇ ಎಲ್ಲರೂ ಮದುವೆಯಾಗ್ತಿದ್ರು. ಅದರ ಮೇಲೆ ಅಂತರ್ವಿವಾಹವನ್ನ ಹೇರಿದಾಗ ಹುಟ್ಟಿದ್ದೇ ಜಾತಿ ಅಂತ ಅವರ ವಾದ.

ಹೇರಿದ್ದು ನಿಲ್ಲಬೇಕಾದರೆ ಒಂದು ಲೆಕ್ಕ ಕೂಡಬೇಕು. ಆ ಲೆಕ್ಕವನ್ನ ಸಣ್ಣದಾಗಿ ಮಾಡೋಣ. ಒಂದು ಗುಂಪಿನಲ್ಲಿ ಹತ್ತು ಗಂಡು, ಹತ್ತು ಹೆಣ್ಣು, ಹತ್ತು ಜೋಡಿ ಅಂತ ಹಿಡೀರಿ. ಒಬ್ಬ ಗಂಡ ಸತ್ತ. ಈಗ ಒಬ್ಬ ಹೆಣ್ಣು ಹೆಚ್ಚಾದಳು. ಆಕಿ ಹೊರಗಿನವನನ್ನ ಮದುವೆಯಾದರೆ ಗೆರೆ ಮುರೀತು. ಒಳಗಿನ ಬೆಳೆಯೋ ಹುಡುಗನೊಬ್ಬನನ್ನ ಮದುವೆಯಾದರೆ, ಆ ಹುಡುಗನಿಗೆ ಸಿಗಬೇಕಿದ್ದ ಹುಡುಗಿ ಒಂಟಿಯಾದಳು. ನಾಳೆ ಆಕಿ ಹೊರಗೆ ನೋಡತಾಳ, ಮತ್ತೆ ಗೆರೆ ಮುರೀತು. ಹಂಗಾಗಿ ಹೆಚ್ಚಾದ ಹೆಣ್ಣನ್ನ ಲೆಕ್ಕದಿಂದಲೇ ತೆಗೀಬೇಕು. ಒಂದೋ ಗಂಡನ ಚಿತೆಗೆ, ಇಲ್ಲಾ ತಲೆ ಬೋಳಿಸಿ ಮೂಲೆಗೆ. ಹೆಂಡತಿ ಸತ್ತರೆ? ಗಂಡು ಹೆಚ್ಚಾದ. ಆತನನ್ನ ಸುಡೋ ಹಂಗಿಲ್ಲ, ಗುಂಪಿಗೆ ಆತ ಬೇಕು. ಸನ್ಯಾಸಿಯಾಗು ಅಂದ್ರೆ ಎಲ್ಲರೂ ಆಗೂದಿಲ್ಲ. ದೊಡ್ಡ ಹುಡುಗಿಯರೆಲ್ಲ ಜೋಡಿಯಾಗಿರೋದರಿಂದ ಇನ್ನೂ ಮದುವೆ ವಯಸ್ಸಿಗೆ ಬಾರದ ಕೂಸನ್ನ ತಂದು ಆತನಿಗೆ ಕಟ್ಟಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿಯ ಗೆರೆ ಕಾಯೋ ಉಪಾಯಗಳು, ಅವನ್ನ ಹಾಡಿ ಹೊಗಳಿದ್ದು ಆಮೇಲೆ ಅಂತ ಅಂಬೇಡ್ಕರ್ ತೋರಿಸಿದರು.

ಈ ಲೆಕ್ಕದ ಪ್ರಕಾರ ನಮ್ಮ ಕೇರಿಗಳು ಗೆರೆ ಇಲ್ಲದೇ ಇರಬೇಕಿತ್ತಲ್ಲ? ನಮ್ಮಲ್ಲಿ ಉಡಿಕಿ ಐತಿ. ಗಂಡ ಸತ್ತಾಕಿಗೆ ಸೀರಿ ಉಡಿಸಿ ಮತ್ತೊಬ್ಬನ ಜೊತೆ ಬಾಳ್ವೆಗೆ ಕಳಸ್ತಾರ. ಆದರೆ ನಾ ಕಂಡಂಗ ಉಡಿಕಿಯಾಗೋದು ಹೆಚ್ಚಾಗಿ ಹೆಂಡತಿ ಸತ್ತವನ ಜೊತೆ, ಅದೂ ಸ್ವಂತ ಜಾತಿಯವನ ಜೊತೆ. ಹೆಚ್ಚಾದ ಹೆಣ್ಣು, ಹೆಚ್ಚಾದ ಗಂಡು ಒಳಗೊಳಗೇ ಜೋಡಿಯಾದರು, ಲೆಕ್ಕ ಸರಿಹೋಯ್ತು. ಯಾರನ್ನೂ ಸುಡದೆ ನಾವೂ ಗೆರೆ ಕಾದೀವಿ. ಬಾಬಾಸಾಹೇಬರು ಇದನ್ನೂ ಹೇಳಿದ್ದರು. ಮೊದಲು ಬಾಗಿಲು ಮುಚ್ಚಿಕೊಂಡವರು ಬ್ರಾಹ್ಮಣರು. ಉಳಿದವರಲ್ಲಿ ಕೆಲವರು ಅವರನ್ನ ನೋಡಿ ಮುಚ್ಚಿಕೊಂಡರು, ಇನ್ನು ಕೆಲವರಿಗೆ ಬೇರೆಯವರು ಮುಚ್ಚಿದ ಬಾಗಿಲೇ ಗೋಡೆಯಾಯ್ತು. ಮೇಲಿನವರಿಂದ ದೂರ ಹೋದಷ್ಟೂ ಸತಿ, ವೈಧವ್ಯದ ಕಟ್ಟು ಸಡಿಲ ಆಗತದ. ಅಂತರ್ವಿವಾಹ ಮಾತ್ರ ಕೊನೇ ಕೇರಿವರೆಗೂ ಹಂಗೇ ಬರತದ.

ಈಗ ನನ್ನ ಮಾತಿಗೆ ಬರತೀನಿ. ನಮ್ಮ ಹಳೇ ಊರಿನಲ್ಲಿ ಚಲವಾದಿ ಓಣಿ ಬ್ಯಾರೆ, ಮಾದರ ಓಣಿ ಬ್ಯಾರೆ. ನಾವು ಚಲವಾದಿಗಳು. ಎರಡೂ ಓಣಿಗೆ ಊರಬಾವಿಯ ನೀರು ಇರಲಿಲ್ಲ, ಆದರೂ ನಾವು ಅವರ ಮನೆಯಲ್ಲಿ ಉಣ್ತಿರಲಿಲ್ಲ. ಆಲಮಟ್ಟಿ ಹಿನ್ನೀರು ಬಂತು. ಮುಳುಗಡೆಯಾಯ್ತು. ನವನಗರದಲ್ಲಿ ಸೆಕ್ಟರು, ಪ್ಲಾಟ್ ನಂಬರು. ನಮ್ಮ ಗೋಡೆಗೆ ಗೋಡೆ ಹಚ್ಚಿ ಮಾದರ ಮನೆ ಬಂತು. ಒಂದೇ ನಳದ ಮುಂದೆ ಕೊಡ ಇಟ್ಟೀವಿ, ಒಂದೇ ಪೆಂಡಾಲಿನಾಗ ಏಪ್ರಿಲ್ 14 ಮಾಡೀವಿ. ನೆಲದ ಮೇಲಿನ ಗೆರೆ ಹೊಳೆಯಲ್ಲಿ ಮುಳುಗಿತು.

ನನ್ನ ತಂಗಿ ಆ ಪಕ್ಕದ ಮನೆಯ ಹುಡುಗನನ್ನ ಮೆಚ್ಚಿದಳು. ಓದಿದ ಹುಡುಗ, ಕುಡಿಯೋ ಚಟ ಇಲ್ಲ, ನೌಕರಿ ಇತ್ತು. ನನ್ನ ಜೊತೆ ಸಂಘಟನೆಯಲ್ಲಿ ಬ್ಯಾನರ್ ಕಟ್ಟಿದವ. ಹಿರಿಯರು ಕೂಡಿದರು. ಬೆಡಗು ಕೇಳೋ ಪ್ರಶ್ನೆಯೇ ಬರಲಿಲ್ಲ, ವಾವಿ ನೋಡೋ ಮಾತೇ ಇಲ್ಲ. "ಅವರು ಮಾದರು" ಅಂದ್ರು, ಮುಗೀತು. ಅವರ ಮನೆಯಲ್ಲೂ ಹಂಗೇ "ಅವರು ಚಲವಾದ್ಯಾರು" ಅಂದಿದ್ರಂತ. ಆರು ವಾರದೊಳಗೆ ನನ್ನ ಅವ್ವ ತನ್ನ ತಮ್ಮನ ಹೆಸರು ಎತ್ತಿದಳು. ವಯಸ್ಸಿನಲ್ಲಿ ಹದಿನಾಲ್ಕು ವರ್ಷ ಹಿರಿಯ. ಮದುವೆಯಾಗಿಹೋಯ್ತು.

ಆಗ ನಾನು ಹೆಗಲ ಮೇಲೆ ನೀಲಿ ಶಾಲು ಹಾಕ್ಕೊಂಡು ಊರೂರಿಗೆ ಹೋಗಿ ಹರಳಯ್ಯನ ಕಥಿ ಹೇಳ್ತಿದ್ದೆ. ಕಣ್ಣೀರು ಬರೋ ಹಂಗ ಹೇಳ್ತಿದ್ದೆ. ನನ್ನ ತಂಗಿ "ಅಣ್ಣಾ, ನೀನರ ಒಂದು ಮಾತು ಹೇಳು" ಅಂದಾಗ "ಅವ್ವನ ಮನಸು ನೋಯ್ತದ, ಸ್ವಲ್ಪ ತಡಿ" ಅಂದೆ. ತಡೆದು ಆಗಿದ್ದು ಇಷ್ಟು. ಕಲ್ಯಾಣದ ಎರಡು ಮದುವೆಗಳು ನಮ್ಮ ಮನೆಯಲ್ಲೇ ಮತ್ತೆ ನಡೆದವು. ರಕ್ತ ಹತ್ತಿರ ಇದ್ದದ್ದಕ್ಕ ಅಕ್ಕಿಕಾಳು ಬಿದ್ದವು. ರಕ್ತ ದೂರ ಇದ್ದದ್ದನ್ನ ಕೊಂದೆವು. ಆನೆ ಬೇಕಾಗಲಿಲ್ಲ, ನನ್ನ ಮೌನ ಸಾಕಾಯ್ತು.

ಇಷ್ಟೆಲ್ಲ ಬರೆಯೋಕೆ ಇವತ್ತಿನ ಕಾರಣ ಒಂದೈತಿ. ನನಗೊಬ್ಬ ಮಗ ಇದಾನ. ನಮ್ಮವ್ವ ಈಗ ಸೊಸಿಯನ್ನ ನೋಡಿದಾಗಲೆಲ್ಲ "ಮನಿ ಹುಡುಗಿ ಮನಿಯಾಗೇ ಇರಲಿ" ಅನ್ನಾಕ ಹತ್ಯಾಳ. ತಂಗಿ ಮಗಳು, ನನ್ನ ಮಗಗ ಕೊಟ್ಟು ತರೋ ವಾವಿ. ಬೆಡಗೂ ಬ್ಯಾರೆ. ಪಾಠದ ಪ್ರಕಾರ ಎಲ್ಲಾ ಸರಿ. ಸೋದರಿಕೆಯ ಮದುವೆ ಎಲ್ಲವೂ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಅದರೊಳಗೂ ಚಂದಾಗಿ ಬಾಳಿದವರು ಸಾವಿರ ಜನ. ಆದರೆ ಎರಡು ತಲೆಮಾರು ಸತತವಾಗಿ ಹತ್ತಿರದ ರಕ್ತದಾಗೇ ಕೊಟ್ಟು ತಂದರೆ, ಇಬ್ಬರಲ್ಲೂ ಒಂದೇ ಅಡಗಿದ ರೋಗದ ಅಂಶ ಇದ್ದು ಅದು ಕೂಸಿನಲ್ಲಿ ಕೂಡೋ ಸಾಧ್ಯತೆ ಹೆಚ್ಚತದ. ಅದಕ್ಕಿಂತ ಹೆಚ್ಚಿಗೆ ಇನ್ನೊಂದು ಮಾತು ನನ್ನನ್ನ ಕಾಡತದ. ಹೊರಗಿನ ಗೆರೆ ಗಟ್ಟಿಯಾಗಿ ಹಿಡಿದಾಗ ಮಾತ್ರ ಒಳಗಿನ ಗೆರೆಯನ್ನ ಇಷ್ಟು ಹತ್ತಿರಕ್ಕ ಎಳೀಬೇಕಾಗತದ. 'ಮನಿ ಹುಡುಗಿ' ಅನ್ನೋ ಪ್ರೀತಿಯ ಮಾತಿನ ಹಿಂದೆ ಆ ಭಯ ಕುಂತದ.

ನಿನ್ನೆ ಸೊಸಿಗೆ ಫೋನ್ ಮಾಡಿದೆ. ಟೆಸ್ಟ್ ಹೆಂಗಾತು ಅಂತ ಕೇಳಿದೆ. "ಎರಡು ವರ್ತುಲ ತಗದು ಬರದೀನಿ ಮಾವ. ಉದಾಹರಣೆ ಕೇಳಿದ್ರು. ನಮ್ಮ ಅಪ್ಪ-ಅವ್ವನ ಮದುವೀನ ಬರದೆ" ಅಂದಳು. ಸ್ವಲ್ಪ ತಡೆದು, "ಅವ್ವ ನಂಗ ಎಲ್ಲಾ ಹೇಳ್ಯಾಳ" ಅಂದಳು.

ನನಗೆ ಗಂಟಲು ಕಟ್ಟಿತು. "ಅಜ್ಜಿ ಮಾತಿಗೆ ನೀ ಹೂಂ ಅನಬೇಕಾಗಿಲ್ಲ. ಓದು ಮುಗಿಸು. ಯಾರನ್ನ ಕರಕೊಂಡು ಬಂದ್ರೂ ಬೆಡಗು ಕೇಳೂದಿಲ್ಲ, ಓಣಿ ಕೇಳೂದಿಲ್ಲ. ಈ ಸಲ ಮೊದಲು ಮಾತಾಡೋದು ನಾನ" ಅಂದೆ.

"ಬರದು ಕೊಡ್ತಿಯೇನು ಮಾವ?" ಅಂತ ನಕ್ಕಳು.

ಅದಕ್ಕ ಎಲ್ಲರೂ ಓದೋ ಜಾಗದಾಗ ಬರದು ಕೊಟ್ಟೀನಿ. ತಂಗೀ, ನೀನೂ ಓದು.

ಜೈ ಭೀಮ್.